ಕತ್ತರಿಸಿದ ಅಂಚು

ಬೈಂಡಿಂಗ್ ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಪುಸ್ತಕ ಕಟ್ಟುತ್ತಿದ್ದಳು. ಅವಳು ಕಟ್ಟಿದ ಪುಸ್ತಕದ ಬೆನ್ನು ಬಿಟ್ಟುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ದೊಡ್ಡ ಗ್ರಂಥಾಲಯವೊಂದು ಹಳೆಯ ಪುಸ್ತಕಗಳನ್ನು ಉಳಿಸುವ ತರಬೇತಿಗೆ ಅರ್ಜಿ ಕರೆದಾಗ, ಸೀಟು ತನಗೇ ಎಂದುಕೊಂಡಿದ್ದಳು.

ಪರೀಕ್ಷೆಗೆಂದು ಅವರು ಒಂದು ಹರಿದ ಹಳೆಯ ಪುಸ್ತಕ ಕಳಿಸಿದರು. ಅಕ್ಕ ಅಂಗಡಿಯ ಗಟ್ಟಿ ಅಂಟು ಹಾಕಿ, ಅಂಚನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಹೊಸದರಂತೆ ಮಾಡಿ ವಾಪಸು ಕಳಿಸಿದಳು. ಆಯ್ಕೆಯಾಗಲಿಲ್ಲ. ಕಾರಣ ಕೇಳದೆ ಮರುಪರಿಶೀಲನೆಗೆ ಬರೆದಳು: ಸೂಜಿ ಹಿಡಿಯಲು ಬಾರದವರು ತನ್ನ ಕೈಕೆಲಸಕ್ಕೆ ಅಂಕ ಹಾಕಬಾರದು ಎಂದು.

ಮೂರು ವಾರಕ್ಕೆ ಕೊನೆಯ ಉತ್ತರ ಬಂತು. ತೀರ್ಮಾನ ಬದಲಾಗುವುದಿಲ್ಲ, ಬೇಕಾದರೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು. ಬೇಕಾದಾಗ ಬಿಡಿಸಲು ಬರುವ ಅಂಟನ್ನಷ್ಟೇ ಹಾಕಬೇಕಿತ್ತು. ಕತ್ತರಿಸಿದ ಅಂಚಿನ ಜೊತೆಗೆ, ಹಿಂದಿನ ಓದುಗರೊಬ್ಬರು ಸೀಸದಕಡ್ಡಿಯಲ್ಲಿ ಬರೆದಿದ್ದ ಟಿಪ್ಪಣಿಗಳೂ ಹೋಗಿವೆ. ಒಂದೂ ಕಟು ಮಾತಿರಲಿಲ್ಲ. ಅದನ್ನೋದಿ ಅಕ್ಕನ ಕಿವಿ ಬಿಸಿಯಾಯಿತು. ಆ ಬರಹ ಅವಳ ಕಣ್ಣಿಗೆ ಬಿದ್ದಿತ್ತು. ಕೊಳೆ ಎಂದುಕೊಂಡಿದ್ದಳು.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ತಮ್ಮನ ಹೆಂಡತಿಯನ್ನು ಅಂಗಡಿಗೆ ಕರೆದು, ಮೊಬೈಲು ಕೊಟ್ಟು ಗ್ರಂಥಾಲಯಕ್ಕೆ ಉತ್ತರ ಬರೆಸತೊಡಗಿದಳು.

"ಮಾನ್ಯರೇ, ಯಂತ್ರದ ಅಲಗು ಹಳೇದು, ಅವತ್ತು ಕೆಲಸದ ಒತ್ತಡ ಬೇರೆ ಇತ್ತು..."

"ಅಕ್ಕ, ಇದೇನು ಉತ್ತರವೋ, ಅಲಗಿನ ಮೇಲೆ ದೂರೋ?"

"ಹಾಗಾದ್ರೆ ನೀನೇ ಹೇಳೇ, ದೊಡ್ಡ ಓದಿದವಳು."

"ಓದಿ ಏನು ಬಂತು, ನಿಮ್ಮ ಅಂಗಡೀಲಿ ದಾರ ಸುತ್ತೋಕೆ ಕೂತಿದೀನಿ." ಅವಳು ನಕ್ಕಳು. "ವಾದ ಬೇಡ. ಮುಗಿದಿದ್ದನ್ನ ಕೆದಕಿದ್ರೆ ಮುಂದಿನ ವರ್ಷಾನೂ ಇದೇ ನೆನಪಿರುತ್ತೆ ಅವ್ರಿಗೆ. ಥ್ಯಾಂಕ್ಸ್ ಹೇಳಿ, ಮತ್ತೆ ಅರ್ಜಿ ಹಾಕ್ತೀನಿ ಅನ್ನಿ, ಸಾಕು."

"ಒಂದು ಜಾಗ ಇಟ್ಟಿರಿ ಅಂತ ಕೇಳ್ಲಾ?"

"ಅದನ್ನ ಮಾತ್ರ ಬೇಡ. ಎಲ್ಲರ ಜೊತೆ ಸಾಲಲ್ಲೇ ನಿಲ್ಲಬೇಕು."

ಅಕ್ಕ ಮೊಬೈಲು ವಾಪಸು ತೆಗೆದುಕೊಂಡಳು. ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸಲೀಸು, ಆತ ಮೊದಲೇ ಬಲ್ಲ. ಮನುಷ್ಯರಿಗೆ ಬಾಯಿಬಿಟ್ಟೇ ಹೇಳಬೇಕು. ಒಂದೊಂದೇ ಅಕ್ಷರ ಹುಡುಕಿ ತಾನೇ ಬರೆದಳು:

"ಮಾನ್ಯರೇ, ನಿಮ್ಮ ತೀರ್ಮಾನವನ್ನು ಒಪ್ಪಿದ್ದೇನೆ. ಎರಡು ಸಲ ನನ್ನ ಕೆಲಸ ನೋಡಿ, ಕಾರಣ ತಿಳಿಸಿದ್ದಕ್ಕೆ ಕೃತಜ್ಞಳು. ಹಿಂದಿನ ಪತ್ರದಲ್ಲಿ ನಿಮ್ಮ ಬಗ್ಗೆ ಬರೆದದ್ದು ತಪ್ಪು, ಕ್ಷಮಿಸಿ. ಅಂಚಿನ ಬರಹವನ್ನು ನಾನು ನೋಡಿದ್ದೆ, ನೋಡಿಯೂ ಕತ್ತರಿಸಿದೆ. ಈ ವರ್ಷ ಬಿಡಿಸಬಹುದಾದ ಅಂಟಿನ ಕೆಲಸ ಕಲಿತು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವ ಆಸೆಯಿದೆ."

ತಮ್ಮನ ಹೆಂಡತಿ ಓದಿದಳು. "ನೋಡಿದ್ದೆ ಅನ್ನೋದು ಅವ್ರಿಗೆ ಗೊತ್ತಿರ್ಲಿಲ್ಲ ಅಕ್ಕ. ಅದ್ಯಾಕೆ? ಇದಕ್ಕೇ ಮುಂದಿನ ವರ್ಷ ಬೇಡ ಅಂದ್ರೆ?"

"ಅಂದ್ರೆ ಅನ್ಲಿ ಬಿಡೆ."

ಕಳಿಸಿದ ಮೇಲೆ ಅವಳ ಮುಖ ನೋಡಲಾಗದೆ, ಅಕ್ಕ ನೆಲದ ಮೇಲಿನ ಕಾಗದದ ಚೂರುಗಳನ್ನು ಗುಡಿಸತೊಡಗಿದಳು. ಆಮೇಲೆ ಪೊರಕೆ ಬದಿಗಿಟ್ಟು ಕೂತು, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.