ಪಟ್ಟಿಗೆ ಸೇರದ ಅಣ್ಣನ ಮಾತು

ಪುಸ್ತಕ ಪ್ರಕಾಶನದ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಮೇಡಂ ಎಂದೇ ಕರೆಯುತ್ತಿದ್ದರು. ಹಸ್ತಪ್ರತಿ ಯಾರದ್ದೇ ಇರಲಿ, ಅವಳ ಮೇಜು ದಾಟುವಷ್ಟರಲ್ಲಿ ಒಂದಿಷ್ಟು ಸಣಕಲಾಗುತ್ತಿತ್ತು. ಭಾಷೆ ತಿದ್ದುವುದಕ್ಕಿಂತ ಕೊನೆಯ ಪುಟಗಳ ಆಧಾರಪಟ್ಟಿ, ಅಂದರೆ ಯಾವ ಮಾತು ಎಲ್ಲಿಂದ ಬಂತೆಂಬ ಪಟ್ಟಿ ತಿದ್ದುವುದೇ ಅವಳಿಗೆ ಇಷ್ಟ. "ಊಟ ಮುಗಿದ ಮೇಲೆ ಎಲೆ ಎಣಿಸೋ ಕೆಲಸ" ಎಂದು ಸಂಪಾದಕರು ರೇಗಿಸಿದರೆ, "ಎಣಿಸದಿದ್ರೆ ಯಾರು ಉಂಡ್ರು ಅಂತ ಹೇಗೆ ಗೊತ್ತಾಗುತ್ತೆ ಸಾರ್?" ಎನ್ನುತ್ತಿದ್ದಳು.

ಅಣ್ಣ ತೀರಿಕೊಂಡ ವರ್ಷವೇ ಆ ಹಸ್ತಪ್ರತಿ ಬಂತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಹಿಂದೆ ಬಾಯ್ಲರ್ ಸಿಡಿದು ಇಬ್ಬರು ಸತ್ತಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಲೇಖಕಿಯೊಬ್ಬರು ಅದರ ಬಗ್ಗೆ ಬರೆದಿದ್ದರು. ಆ ದಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅವಳ ಅಣ್ಣ. ತನಿಖೆಯಲ್ಲಿ ತಪ್ಪು ಅವನ ತಲೆಗೇ ಬಂದಿತ್ತು. ಕೆಲಸ ಹೋಯಿತು. ಆಮೇಲೆ ಬೀಗ ರಿಪೇರಿ ಅಂಗಡಿಯಲ್ಲೋ, ನೀರಿನ ಟ್ಯಾಂಕರಿನಲ್ಲೋ ದುಡಿದು ಬದುಕು ತಳ್ಳಿದ. ಕಾರ್ಖಾನೆಯ ಮಾತೆತ್ತಿದರೆ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ.

ಅವಳು ಮೊದಲು ಸಂಪಾದಕರ ಬಳಿ ಹೋದಳು. "ಸಾರ್, ಇದರಲ್ಲಿ ನಮ್ಮಣ್ಣ ಇದ್ದಾನೆ. ಬೇರೆ ಯಾರಿಗಾದ್ರೂ ಕೊಡ್ತೀರಾ?"

"ಲೇಖಕಿಗೂ ಹೇಳಿಬಿಡಿ. ಅವರದ್ದು ಅಭ್ಯಂತರ ಇಲ್ಲ ಅಂದ್ರೆ ನೀವೇ ಮಾಡಿ. ನಿಮ್ಮಷ್ಟು ಜೋಪಾನ ಯಾರಿಗಿದೆ?" ಎಂದರು ಸಂಪಾದಕರು.

ಲೇಖಕಿ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಫೋನಿನಲ್ಲೇ ಹೇಳಿದರು: "ನಿಮ್ಮಣ್ಣನೇ ನನಗೆ ಫೋನ್ ಮಾಡಿದ್ರು ಮೇಡಂ. ಸಾಯೋ ಮುಂಚೆ ಒಮ್ಮೆ ಎಲ್ಲಾ ಹೇಳಬೇಕು ಅಂದ್ರು. ಹೆಸರು ಹಾಕಿ, ಮುಚ್ಚಿಡಬೇಡಿ ಅಂದ್ರು. ರೆಕಾರ್ಡ್ ಮಾತ್ರ ಬೇಡ ಅಂದ್ರು, ನಾನು ಬರ್ಕೊಂಡೆ."

ಅಣ್ಣ ಇಷ್ಟು ಮಾತಾಡಿದ್ದನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆ ಅಧ್ಯಾಯವನ್ನು ಊಟದ ಬಿಡುವಿನಲ್ಲಿ, ಬುತ್ತಿ ಬಿಚ್ಚದೆ ಓದಿದಳು. ಒತ್ತಡ ಹೆಚ್ಚಾದಾಗ ಉಗಿಯನ್ನು ಹೊರಬಿಡಬೇಕಾದ ವಾಲ್ವ್ ಸೋರುತ್ತಿತ್ತಂತೆ. ಉಗಿ ವ್ಯರ್ಥವಾಗುತ್ತದೆಂದು ಮ್ಯಾನೇಜರ್ ಅದನ್ನು ಬಿಗಿಯಾಗಿ ಕಟ್ಟಿಸಿದ್ದರಂತೆ. "ನಾನು ಬೇಡ ಅಂದೆ. ಬಾಯಿ ಮುಚ್ಕೊಂಡು ನಿನ್ನ ಕೆಲಸ ನೋಡು ಅಂದ್ರು. ನೋಡ್ಕೊಂಡೆ." ಅದು ಅಣ್ಣನ ಮಾತೇ. ಆ ಕೊನೆಯ ಪದದ ಚುಚ್ಚು ಅವನದ್ದೇ.

ನಂತರ ಆಧಾರಪಟ್ಟಿಗೆ ಬಂದಳು. ಲೇಖಕಿ ಎಲ್ಲವನ್ನೂ ಒಂದೇ ರಾಶಿ ಹಾಕಿದ್ದರು. ಅವಳು ಪೆನ್ಸಿಲ್ ಹಿಡಿದು ಕೂತಳು. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟು ಸಂದರ್ಶಿಸಿದ ಕಾರ್ಮಿಕರು ಪಟ್ಟಿಯಿಂದ ಹೊರಗೆ. ಬರಹದೊಳಗೆ "ಒಬ್ಬ ಕಾರ್ಮಿಕ" ಎಂದಷ್ಟೇ ಸಾಕು. ಆಗಿನ ಮ್ಯಾನೇಜರ್ ಪತ್ರಿಕೆಗೆ ಕೊಟ್ಟ ಸಂದರ್ಶನ ಅಚ್ಚಾಗಿದೆ, ಯಾರು ಬೇಕಾದರೂ ಹುಡುಕಿ ಓದಬಹುದು, ಅದು ಒಳಗೆ. ತನಿಖಾ ವರದಿ ಸರ್ಕಾರಿ ಪತ್ರಾಗಾರದಲ್ಲಿದೆ. ಅದೂ ಒಳಗೆ, ಆದರೆ ಪೆಟ್ಟಿಗೆ ಮತ್ತು ಕಡತದ ಸಂಖ್ಯೆ ಬೇಕು.

ಅದರ ಕೆಳಗೆ ಅಣ್ಣನ ಹೆಸರು. ಫೋನಿನಲ್ಲಿ ಆಡಿದ ಮಾತು. ಧ್ವನಿಮುದ್ರಣವಿಲ್ಲ. ಓದುಗನೊಬ್ಬ ಹೋಗಿ ನೋಡುತ್ತೇನೆಂದರೆ ನೋಡಲು ಎಲ್ಲೂ ಏನೂ ಇಲ್ಲ. ಅಂಥದ್ದು ಪಟ್ಟಿಗೆ ಬರುವುದಿಲ್ಲ. ಬರಹದೊಳಗೇ ಆವರಣದಲ್ಲಿ ಹೆಸರು, "ವೈಯಕ್ತಿಕ ಸಂಭಾಷಣೆ", ತಾರೀಖು. ಅಷ್ಟೇ. ಎಷ್ಟೋ ಪ್ರಾಧ್ಯಾಪಕರ ಮುಲಾಜು ನೋಡದೆ ಅವಳು ಹೊಡೆದುಹಾಕಿದ್ದ ಸಾಲುಗಳಂಥದ್ದೇ ಒಂದು ಸಾಲು. ಪೆನ್ಸಿಲ್ ಎಳೆದಳು.

ವರದಿಯ ಸಂಖ್ಯೆ ಗುರುತು ಮಾಡಿಕೊಳ್ಳಲು ಲೇಖಕಿ ಪತ್ರಾಗಾರಕ್ಕೆ ಹೊರಟಾಗ ಅವಳೂ ಜೊತೆಗೆ ಹೋದಳು. ಪೆನ್ನು ಒಳಗೆ ಬಿಡದ, ಫ್ಯಾನು ಮೆಲ್ಲಗೆ ತಿರುಗುವ ಉದ್ದನೆಯ ಕೋಣೆ. ಸಿಬ್ಬಂದಿ ಪೆಟ್ಟಿಗೆ ತಂದಿಟ್ಟರು. ಲೇಖಕಿ ಹಿಂದೆ ವರದಿಯನ್ನಷ್ಟೇ ನೋಡಿದ್ದರು. ಅದರ ಪಕ್ಕದ ಕಡತದಲ್ಲಿ ಸಾಕ್ಷಿಗಳ ಹೇಳಿಕೆಗಳಿದ್ದವು. ತಿರುವುತ್ತಾ ಹೋದವರು ಒಂದು ಹಾಳೆಯ ಮೇಲೆ ಅಂಗೈಯಿಟ್ಟು ಮುಚ್ಚಿ ಕೂತುಬಿಟ್ಟರು.

"ಏನು ಮೇಡಂ?"

ಲೇಖಕಿ ಕೈ ತೆಗೆದರು. ಹಾಳೆಯಲ್ಲಿ ಹೀಗಿತ್ತು: "ನೀರಿನ ಮಟ್ಟ ನೋಡದೆ ಬಿಟ್ಟಿದ್ದು ನನ್ನದೇ ತಪ್ಪು. ಇದಕ್ಕೆ ಬೇರೆ ಯಾರೂ ಕಾರಣರಲ್ಲ." ಕೆಳಗೆ ಅಣ್ಣನ ಸಹಿ. ಕೊನೆಯ ಅಕ್ಷರದ ಬಾಲವನ್ನು ಸುತ್ತಿ ಬರೆಯುತ್ತಿದ್ದುದು ಅವನೊಬ್ಬನೇ.

ಇಬ್ಬರೂ ಬಸ್ಸಿನಲ್ಲಿ ವಾಪಸು ಬಂದರು. ಇಳಿಯುವ ಮುಂಚೆ ಲೇಖಕಿ ಹೇಳಿದರು: "ಇದನ್ನ ಬಿಟ್ಟುಬಿಡೋಣ. ಪುಸ್ತಕದಲ್ಲಿ ಪ್ರಸ್ತಾಪಾನೇ ಮಾಡಲ್ಲ. ಪ್ರಸ್ತಾಪ ಇಲ್ಲ ಅಂದ್ರೆ ಪಟ್ಟಿಲೂ ಬರಲ್ಲ. ನಿಯಮ ಮುರಿದ ಹಾಗೂ ಆಗಲ್ಲ."

"ಒಂದು ದಿನ ಟೈಮ್ ಕೊಡಿ," ಎಂದಳು.

ಸಂಜೆ ಅತ್ತಿಗೆಯ ಮನೆಗೆ ಹೋದಳು. ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ವಿಷಯ ಕೇಳಿದರೂ ಕೈ ನಿಲ್ಲಲಿಲ್ಲ.

"ಸಹಿ ಹಾಕಿದ್ದು ನಂಗೆ ಗೊತ್ತು ಕಣೇ. ಸತ್ತವರ ಮನೆಯವರಿಗೆ ಪರಿಹಾರ ಬೇಗ ಸಿಗಬೇಕಾದ್ರೆ ತಪ್ಪು ಒಪ್ಕೋ, ಇಲ್ಲಾಂದ್ರೆ ಕೇಸು ವರ್ಷಗಟ್ಟಲೆ ಎಳೀತದೆ ಅಂದ್ರಂತೆ ಕಾರ್ಖಾನೆಯವರು. ಸತ್ತೋರಲ್ಲಿ ಒಬ್ಬ ಇವರ ಕೈಕೆಳಗಿನವನು. ಇವರ ಜೊತೆಗೇ ಉಣ್ತಿದ್ದ. ಸಹಿ ಹಾಕಿ ಬಂದು ಕೈ ತೊಳೀತಾ ನಿಂತೋರು ನಿಲ್ಲಿಸ್ಲೇ ಇಲ್ಲ, ನಲ್ಲಿ ನಾನೇ ಬಂದ್ ಮಾಡ್ದೆ."

"ನಂಗೆ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ತಂಗಿಗೆ ಗೊತ್ತಾಗೋದು ಬೇಡ ಅಂದ್ರು. ನೀನು ಅವರನ್ನ ಅಷ್ಟು ದೊಡ್ಡೋರು ಅಂದ್ಕೊಂಡಿದ್ದೆ."

ಅವಳು ಗೋಡೆಗೊರಗಿ ಕೂತು ಅತ್ತಳು. ಅತ್ತಿಗೆ ಪಕ್ಕದಲ್ಲಿ ಬಂದು ಕೂತಳು.

ಕಣ್ಣೊರೆಸಿಕೊಂಡು ಕತ್ತರಿ ಮೇಡಂ ಹೇಳಿದಳು: "ಆ ಹೇಳಿಕೇನ ಬಿಟ್ಟುಬಿಡಬಹುದು ಅಂತಾರೆ ಲೇಖಕಿ. ಆದ್ರೆ ಆ ಹಾಳೆ ಅಲ್ಲೇ ಇರುತ್ತಲ್ಲ. ನಾಳೆ ಇನ್ಯಾರೋ ತೆಗೆದು, ನೋಡಿ ಈ ಪುಸ್ತಕ ಮುಚ್ಚಿಟ್ಟಿದೆ ಅಂತಾರೆ. ಆಗ ಅಣ್ಣ ಫೋನಲ್ಲಿ ಹೇಳಿದ್ದನ್ನೂ ಯಾರೂ ನಂಬಲ್ಲ."

"ಹಾಕಿದ್ರೆ ಪಟ್ಟಿಲಿ ಅವರ ಹೆಸರಿನ ಮುಂದೆ ಇರೋದು ಆ ಸುಳ್ಳೊಂದೇನಾ?"

"ಹ್ಞೂಂ. ಅದೊಂದೇ."

"ನಿಜ?"

"ನಿಜ ಒಳಗಡೆ ಇರುತ್ತೆ. ಪೂರ್ತಿ ಓದಿದೋರಿಗೆ ಸಿಗುತ್ತೆ."

ಅತ್ತಿಗೆ ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ನಾನು ಪರಿಹಾರದ ವಿಷಯ ಹೇಳಿದ್ನಲ್ಲ, ಅದನ್ನೂ ಬರೀಲಿ. ನನ್ನ ಹೆಸರು ಹಾಕ್ಲಿ. ಪಟ್ಟಿಲಿ ಬರದೇ ಇದ್ರೂ ಪರ್ವಾಗಿಲ್ಲ, ಅವರ ಮಾತಿನ ಪಕ್ಕದಲ್ಲಿ ನನ್ನದೂ ಇರ್ಲಿ," ಎಂದಳು.

ಮರುದಿನ ಲೇಖಕಿ ಅತ್ತಿಗೆಯ ಮನೆಗೇ ಬಂದು ಎಲ್ಲ ಬರೆದುಕೊಂಡರು, ಓದಿ ಹೇಳಿದರು, ಒಪ್ಪಿಗೆ ಪಡೆದರು. ಅಧ್ಯಾಯದಲ್ಲಿ ಒಂದೇ ಪುಟದೊಳಗೆ ಮೂರೂ ಬಂದವು: ಅಣ್ಣ ಸಹಿ ಮಾಡಿದ ಹೇಳಿಕೆ, ಫೋನಿನಲ್ಲಿ ಆಡಿದ ಮಾತು, ಸಹಿ ಯಾಕೆ ಮಾಡಿದನೆಂದು ಹೆಂಡತಿ ಹೇಳಿದ್ದು. ಆಧಾರಪಟ್ಟಿಯ ಸಾಲನ್ನು ಕತ್ತರಿ ಮೇಡಂ ತಾನೇ ಟೈಪ್ ಮಾಡಿದಳು. ಅಣ್ಣನ ಹೆಸರು, ತಾರೀಖು, ಸಾಕ್ಷಿ ಹೇಳಿಕೆ, ಇಲಾಖೆಯ ಕಡತಗಳು, ಪೆಟ್ಟಿಗೆ ಸಂಖ್ಯೆ, ಪತ್ರಾಗಾರ. ಅಕಾರಾದಿಯಾಗಿ ಜೋಡಿಸುವಾಗ ಅದು ಮ್ಯಾನೇಜರನ ಸಂದರ್ಶನದ ಸಾಲಿಗೆ ತಾಗಿಯೇ ಬಂತು. ಅದನ್ನು ಅತ್ತಿತ್ತ ಸರಿಸಲು ಬರುವುದಿಲ್ಲ. ಅವಳು ಎದ್ದು ಹೋಗಿ ಮುಖ ತೊಳೆದು ಬಂದು ಮುಂದಿನ ಸಾಲಿಗೆ ಹೋದಳು.

ಪುಸ್ತಕ ಹೊರಬಂದಾಗ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಮ್ಯಾನೇಜರ್ ಸತ್ತು ಎಷ್ಟೋ ಕಾಲವಾಗಿತ್ತು. ಕಾರ್ಖಾನೆಯ ಜಾಗದಲ್ಲಿ ಗೋದಾಮು ಎದ್ದಿತ್ತು. ಪತ್ರಿಕೆಯೊಂದರ ವಿಮರ್ಶಕರು ಪುಸ್ತಕವನ್ನು ಹೊಗಳಿ, "ಬಾಯ್ಲರ್ ಚಾಲಕ ತಾನೇ ತಪ್ಪೊಪ್ಪಿಕೊಂಡ ದಾಖಲೆಯನ್ನು ಲೇಖಕಿ ಪತ್ತೆಹಚ್ಚಿದ್ದಾರೆ" ಎಂದು ಬರೆದರು. ಅವರು ಕೊನೆಯ ಪುಟಗಳ ಪಟ್ಟಿಯನ್ನು ಚೆನ್ನಾಗಿ ನೋಡಿದ್ದರು, ಆ ಅಧ್ಯಾಯವನ್ನು ನೋಡಿದಂತಿರಲಿಲ್ಲ.

ಲೇಖಕಿ ಪತ್ರಿಕೆಗೆ ತಿದ್ದುಪಡಿ ಬರೆದರು. ಅದು ಅಚ್ಚಾಗಲಿಲ್ಲ. ಕತ್ತರಿ ಮೇಡಂ ಆ ವಿಮರ್ಶೆಯನ್ನು ಅತ್ತಿಗೆಗೆ ತೋರಿಸಲಿಲ್ಲ. ಭಾನುವಾರ ಪುಸ್ತಕ ಹಿಡಿದು ಹೋಗಿ, ಆ ಪುಟವನ್ನು ಮಾತ್ರ ಗಟ್ಟಿಯಾಗಿ ಓದಿ ಹೇಳಿದಳು. ಅತ್ತಿಗೆ ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಂದ್ಸಲ ಓದೇ," ಎಂದಳು. "ಅವರ ಮಾತಷ್ಟೇ ಓದು."