ನೈವೇದ್ಯದ ಉಪ್ಪು

ದಾಂಡೇಲಿಯಲ್ಲಿ ಇಡೀ ಹರೆಯವನ್ನು ಕಾಗದದ ಯಂತ್ರದ ಮುಂದೆ ಕಳೆದ ನಮ್ಮ ಮನೆಯವರನ್ನು ಇಂಡೋನೇಶಿಯಾದ ಒಂದು ಕಾರ್ಖಾನೆ ಕರೆಯಿತು. ಅಲ್ಲಿಯ ಒಂದು ಯಂತ್ರಕ್ಕೂ ಅದರ ಮಂದಿಗೂ ಇವರೇ ಮುಖ್ಯಸ್ಥರು. ಆದರೆ ಮೊದಲ ಆರು ತಿಂಗಳು ಪರೀಕ್ಷೆ. ಅದರಲ್ಲಿ ಪಾಸಾದರೆ ಕಾಯಂ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ನಾನು ನಮ್ಮೂರ ದೇವರು ದಾಂಡೇಲಪ್ಪನಿಗೆ ಕಾಯಿ ಒಡೆಸಿ, ಹರಕೆ ಹೊತ್ತು, ಜೋಳದ ಹಿಟ್ಟು, ಗುರೆಳ್ಳು ಹಿಂಡಿ ಕಟ್ಟಿಕೊಂಡು ಜೊತೆಗೆ ಹೊರಟೆ.

ಕಾರ್ಖಾನೆ ಕೊಟ್ಟ ಮನೆ ನಮ್ಮ ದಾಂಡೇಲಿಯ ಕಾಲನಿಯ ಮನೆಗಳ ಹಾಗೇ ಇತ್ತು. ನಲ್ಲಿಯಲ್ಲಿ ನೀರು, ಹಿತ್ತಲಲ್ಲಿ ಬಾಳೆ, ದೇವರಿಗೆ ಪೂರ್ವದ ಗೋಡೆ. ಅಷ್ಟಿದ್ದರೆ ನನಗೆ ಸಾಕು.

ಬಂದ ವಾರದಲ್ಲೇ ಇವರು ಒಂದು ಹುಕುಂ ಹೊರಡಿಸಿದರು. ಕಾಗದದ ಯಂತ್ರದಲ್ಲಿ ಒದ್ದೆ ಹಾಳೆಯ ನೀರು ಹೀರಲು ಫೆಲ್ಟ್ ಎಂಬ ದಪ್ಪ ಬಟ್ಟೆ ಇರುತ್ತದೆ. ಅದು ಸ್ವಚ್ಛವಾಗಿರಲೆಂದು ಜೋರಾಗಿ ನೀರು ಚಿಮ್ಮಿಸುತ್ತಿರುತ್ತಾರೆ. ಆ ನೀರಿನ ಜೋರು ಕಡಿಮೆ ಮಾಡಿದರೆ ಫೆಲ್ಟ್ ಹೆಚ್ಚು ದಿನ ಬಾಳುತ್ತದೆ ಎಂದು ಇವರ ಲೆಕ್ಕ. ಅಲ್ಲಿಯ ಕೆಲಸಗಾರರೆಲ್ಲ "ಯಾ, ಪಾ" ಎಂದರಂತೆ. ಹಾಗೆಂದರೆ "ಹೂಂ, ಸಾಹೇಬ್ರ".

"ಎಂಥಾ ಮಂದಿ ಅಂತೀ! ಒಂದು ಎದುರು ಮಾತಿಲ್ಲ," ಎಂದು ಇವರು ಆ ದಿನ ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ಕೆಲವು ವಾರ ಕಳೆದವು. ಹಾಳೆ ಹರಿಯತೊಡಗಿತು. ಯಂತ್ರದಲ್ಲಿ ಹಾಳೆ ಹರಿದರೆ ಎಲ್ಲ ನಿಲ್ಲಿಸಿ ಹಾಳೆಯನ್ನು ಮತ್ತೆ ಮೊದಲಿನಿಂದ ಎಳೆಯಬೇಕು. ಇವರು ಯಂತ್ರದ ಪಕ್ಕದಲ್ಲೇ ನಿಂತು ಎಲ್ಲರೆದುರು ಕೂಗಾಡಿದರು. ಕೆಲಸಗಾರರು ಮುಗುಳ್ನಕ್ಕರು. ಇವರು ಇನ್ನಷ್ಟು ಕೂಗಿದರು. ಅವರು ಇನ್ನಷ್ಟು ನಕ್ಕರು.

"ನಾ ಬೈತೀನಿ, ಅವ್ರು ಹಲ್ಲು ಕಿಸೀತಾರ. ಏನ್ ತಪ್ಪಾಗೇತಿ ಅಂತ ಕೇಳಿದ್ರ ಎಲ್ಲಾ ಚೊಲೋ ಐತ್ರಿ ಅಂತಾರ. ಹಾಳಿ ಮಾತ್ರ ಟರ್ರಂತ ಹರೀತೈತಿ!"

ತಂಡದಲ್ಲಿ ಹಾಲೆಂಡಿನ ಒಬ್ಬ ಇಂಜಿನಿಯರ್ ಹುಡುಗಿಯೂ ಇದ್ದಳು. ಇವರಿಗಿಂತ ಕೆಳಗಿನ ಹುದ್ದೆ, ವಯಸ್ಸಿನಲ್ಲಿ ಮಗಳಂಥವಳು. ಬೆಳಗಿನ ಮೀಟಿಂಗಿನಲ್ಲಿ ಎಲ್ಲರೆದುರಿಗೆ ಇವರನ್ನು ಹೆಸರು ಹಿಡಿದು ಕರೆದು "ನೀವು ಮಾಡಿದ್ದು ತಪ್ಪು" ಎಂದುಬಿಟ್ಟಳಂತೆ. ಏನು ತಪ್ಪು ಎಂದು ಆಕೆ ಮುಂದೆ ವಿವರಿಸಿದ್ದು ಇವರ ಕಿವಿಗೆ ಬೀಳಲೇ ಇಲ್ಲ. ಹೆಸರು ಹಿಡಿದು ಕರೆದಲ್ಲೇ ಕಿವಿ ಮುಚ್ಚಿತ್ತು.

"ಒಂದು ಕಡೆ ಯಾರೂ ಬಾಯಿ ಬಿಡೂದಿಲ್ಲ, ಇನ್ನೊಂದು ಕಡೆ ಈಕಿ ಬಾಯಿ ಮುಚ್ಚೂದಿಲ್ಲ. ನಡುವ ನಾ ಸತ್ತೆ," ಎಂದು ಇವರು ತಲೆ ಹಿಡಿದು ಕುಳಿತರು. ದೊಡ್ಡ ಮ್ಯಾನೇಜರರು ಕರೆದು ಹೇಳಿದ್ದರು: ತಿಂಗಳೊಳಗೆ ಹಾಳೆ ಹರಿಯುವುದು ಕಡಿಮೆಯಾಗದಿದ್ದರೆ ನಿಮ್ಮನ್ನು ಕಾಯಂ ಮಾಡಲಾಗದು.

ನನಗೆ ಯಂತ್ರ ತಿಳಿಯದು, ದೇವರಿಗೆ ತಿಳಿದೀತು. ಒಂದು ರವಿವಾರ ಪೂಜೆ ಇಟ್ಟು ತಂಡದ ಎಲ್ಲರನ್ನೂ ಪ್ರಸಾದಕ್ಕೆ ಕರೆದೆ. ಎಲ್ಲರೂ "ಯಾ, ಬೂ, ಬರ್ತೇವಿ" ಎಂದು ಕೈಮುಗಿದರು. ಬೂ ಎಂದರೆ ಅಮ್ಮ. ಬಂದವರು ತಂಡದ ಹಿರಿಯ ಆಪರೇಟರ್, ಆತನ ಹೆಂಡತಿ ಮತ್ತು ಹಾಲೆಂಡಿನ ಹುಡುಗಿ, ಅಷ್ಟೇ. ಉಳಿದವರಿಗೆ ಆಗದು ಎನ್ನಲು ಸಂಕೋಚವಾಗಿತ್ತು.

ಹೋಳಿಗೆ, ಎಣಗಾಯಿ, ಕಟ್ಟಿನ ಸಾರು, ಅನ್ನ ಮಾಡಿದ್ದೆ. ನೈವೇದ್ಯದ ಅಡುಗೆಯನ್ನು ರುಚಿ ನೋಡುವಂತಿಲ್ಲ. ದೇವರಿಗಿಂತ ಮೊದಲು ನಾಲಿಗೆ ಮುಟ್ಟಿದರೆ ಅದು ನೈವೇದ್ಯವೇ ಅಲ್ಲ. ಇವರ ನೌಕರಿಯ ಚಿಂತೆ ತಲೆಯಲ್ಲಿ, ದೇವರ ನಾಮ ಬಾಯಲ್ಲಿ. ಸಾರಿಗೆ ಹಾಕಿದ ಉಪ್ಪನ್ನು ಕೈ ಮತ್ತೊಮ್ಮೆ ಹಾಕಿತ್ತು. ಬಡಿಸುವಾಗ ನನಗದು ಗೊತ್ತಿರಲಿಲ್ಲ.

ಆಪರೇಟರ್ ಮೊದಲ ತುತ್ತಿಗೇ ಒಂದು ಕ್ಷಣ ತಡೆದ. ಆಮೇಲೆ ಮುಗುಳ್ನಕ್ಕ.

"ಹೆಂಗಾಗೇತಿ?" ಎಂದು ಕೈಸನ್ನೆಯಲ್ಲಿ ಕೇಳಿದೆ.

"ಭಾಳ ಚೊಲೋ, ಬೂ, ಭಾಳ ಚೊಲೋ!" ಎನ್ನುವಂತೆ ತಲೆಯಾಡಿಸಿ, ತುಸು ಬರೀ ಅನ್ನ ಬೇಡಿದ. ಹಾಕಿದೆ. ನೀರು ಕುಡಿದ. ಮತ್ತೆ ಬರೀ ಅನ್ನ ಬೇಡಿದ. ಅವನ ಹೆಂಡತಿ ಸಾರನ್ನು ಎಲೆಯ ಮೂಲೆಗೆ ನಾಜೂಕಾಗಿ ಸರಿಸಿ, ಹೋಳಿಗೆಯನ್ನು ಹೊಗಳುತ್ತಿದ್ದಳು. ನಮ್ಮ ಮನೆಯವರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಹಾಲೆಂಡಿನ ಹುಡುಗಿ ಚಮಚ ಕೆಳಗಿಟ್ಟು ಇಂಗ್ಲಿಷಿನಲ್ಲಿ ನೆಟ್ಟಗೆ ಹೇಳಿದಳು: "ಇದರಲ್ಲಿ ಉಪ್ಪು ಬಹಳ ಆಗಿದೆ. ತಿನ್ನಲಾಗದು. ಸಿಹಿ ಮಾತ್ರ ಬಹಳ ಚೆನ್ನಾಗಿದೆ, ಇನ್ನೊಂದು ಕೊಡಿ."

ಆಪರೇಟರ್ ಗಾಬರಿಯಾಗಿ ಕಣ್ಣು ಕೆಳಗಿಳಿಸಿದ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಒಳಗೆ ಹೋಗಿ ಸಾರು ನಾಲಿಗೆಗೆ ಹಚ್ಚಿ ನೋಡಿದೆ. ಅರಬ್ಬಿ ಸಮುದ್ರ! ಮೊಸರು ತಂದು ಎಲ್ಲರಿಗೂ ಸುರಿದೆ. ಆಕೆಯ ಮೇಲೆ ಸಿಟ್ಟೇ ಬರಲಿಲ್ಲ. ಆಕೆ ಹೇಳಿದ್ದರಿಂದಲೇ ಉಳಿದವರ ಹೊಟ್ಟೆ ಉಳಿಯಿತು.

ಅತಿಥಿಗಳು ಹೋದ ಮೇಲೆ ಇವರನ್ನು ಹಿಡಿದೆ.

"ಅಲ್ರೀ, ಅಷ್ಟು ಉಪ್ಪು ಬಿದ್ದಿತ್ತು. ನೀವರ ಹೇಳಬಾರ್ದಾ?"

"ಮಂದಿ ಮುಂದ ಹೆಂಗ ಹೇಳ್ಲಿ? ನಿನ್ನ ಮರ್ಯಾದಿ ಏನಾಗಬೇಕು?"

"ಮತ್ತ ಆ ಆಪರೇಟರ್ ನಿಮ್ಮ ಮರ್ಯಾದಿ ಕಾಯ್ದ್ರ ಹಲ್ಲು ಕಿಸೀತಾನ ಅಂತೀರಿ?"

ಇವರು ಕೈ ಒರೆಸಿಕೊಂಡರು. "ಅಂವಾ ಹೇಳಬೇಕಲ್ಲ, ಮಾರಾಯ್ತಿ."

"ಹೇಳ್ಯಾನಲ್ರೀ. ಬರೇ ಅನ್ನ ಬೇಡ್ಯಾನ, ನೀರು ಕುಡದಾನ. ಇನ್ನ ಹೆಂಗ ಹೇಳ್ಬೇಕು? ಹಳ್ಯಾಳದಾಗ ನಿಮ್ಮ ಅವ್ವನ ಮುಂದ ನಾವು ಸೊಸ್ತ್ಯಾರು ಯಾವತ್ತರ 'ಆಗೂದಿಲ್ಲ' ಅಂದೇವೇನು? 'ನೋಡೂಣ್ರಿ ಅತ್ತಿ' ಅಂತಿದ್ವಿ. ಅವ್ರಿಗೆ ತಿಳೀತಿತ್ತು. ನಿಮ್ಮ ಕಾರ್ಖಾನಿ ತುಂಬ ಸೊಸ್ತ್ಯಾರ ಅದಾರ, ನೀವು ಅತ್ತಿ ಆಗೂದು ಕಲೀರಿ."

"ಮತ್ತ ಆ ಹಾಲೆಂಡಿನಾಕಿ?"

"ಆಕೀನ್ನ ಊರಿಂದ ಬಂದ ನಿಮ್ಮ ಅಕ್ಕ ಅಂತ ತಿಳಕೋರಿ. ಬೈದ್ರೂ ನಿಮ್ಮ ಚೊಲೋಕ್ಕ."

ಮರುದಿನ ಇವರು ಯಂತ್ರದ ಹತ್ತಿರ ಕೂಗಾಡದೆ, ಹಿರಿಯ ಆಪರೇಟರನನ್ನು ಬೇರೆಯಾಗಿ ಚಹಾಕ್ಕೆ ಕರೆದರು. ತಪ್ಪೇನು ಎಂದು ಕೇಳಲಿಲ್ಲ. ಮಕ್ಕಳ ಶಾಲೆ, ಊರು, ಮಳೆ ಎಲ್ಲ ವಿಚಾರಿಸಿ, ನಾನು ಬರುವ ಮೊದಲು ಈ ಯಂತ್ರವನ್ನು ಹೇಗೆ ನಡೆಸುತ್ತಿದ್ದಿರಿ ಎಂದಷ್ಟೇ ಕೇಳಿದರು. ಆತ ಬಹಳ ಹೊತ್ತು ಕಪ್ಪನ್ನು ತಿರುಗಿಸಿ ಹೇಳಿದನಂತೆ: "ಈ ಯಂತ್ರ ಹಳೆಯದು, ಪಾ. ಮೊದಲು ಇದಕ್ಕೆ ನೀರು ಜಾಸ್ತಿ ಬೇಕಾಗುತ್ತಿತ್ತು."

ಇವರಿಗೆ ಎದೆಯಲ್ಲಿ ಗಂಟೆ ಹೊಡೆದಂತಾಯಿತು. ನೀರು ಕಡಿಮೆಯಾಗಿ ಫೆಲ್ಟಿನ ರಂಧ್ರಗಳಲ್ಲಿ ಕೊಳೆ ತುಂಬಿದೆ. ಅದು ನೀರು ಹೀರುತ್ತಿಲ್ಲ. ಹಾಳೆ ಒದ್ದೆಯಾಗೇ ಮುಂದೆ ಹೋಗಿ ಹರಿಯುತ್ತಿದೆ. ಹುಕುಂ ಕೊಟ್ಟವರು ತಾವೇ. ಅದನ್ನು ಸಾಹೇಬರ ಮುಖಕ್ಕೆ ಹೇಳುವವರು ಯಾರು? ಹೇಳಿದವಳು ಒಬ್ಬಳಿದ್ದಳು, ಆಕೆಯ ಮಾತನ್ನು ಇವರು ಕೇಳಿರಲಿಲ್ಲ.

ಆಪರೇಟರ್ ಹೇಳಿದ್ದನ್ನು ಇವರು ಯಾರೆದುರೂ ಎತ್ತಲಿಲ್ಲ. ಅಂದೇ ಯಂತ್ರ ನಿಲ್ಲಿಸಿ ಫೆಲ್ಟ್ ತೊಳೆಸಿ, ನೀರಿನ ಜೋರನ್ನು ಮೊದಲಿನಂತೆ ಇಡಿಸಿದರು. ಮರುದಿನದ ಮೀಟಿಂಗಿನಲ್ಲಿ "ನನ್ನ ಹುಕುಂ ತಪ್ಪಾಗಿತ್ತು" ಎಂದರು. ಹಾಲೆಂಡಿನ ಹುಡುಗಿ, "ಹೌದು, ನಾನು ಆಗಲೇ ಹೇಳಿದ್ದೆ" ಎಂದಳು. ಹಿರಿಯ ಆಪರೇಟರ್ ನೆಲ ನೋಡುತ್ತ, "ಇಲ್ಲ, ಇಲ್ಲ, ಪಾ. ಫೆಲ್ಟಿಗೇ ವಯಸ್ಸಾಗಿತ್ತು" ಎಂದನಂತೆ.

ತಿಂಗಳು ಮುಗಿಯುವಷ್ಟರಲ್ಲಿ ಹಾಳೆ ಹರಿಯುವುದು ಇಳಿಯಿತು, ಇವರು ಕಾಯಂ ಆದರು. ಅಲ್ಲಿಯ ಕೆಲಸ ಮುಗಿಸಿ ದಾಂಡೇಲಿಗೆ ಮರಳಿದ ಮೇಲೆ ಮೊದಲು ದಾಂಡೇಲಪ್ಪನ ಹರಕೆ ತೀರಿಸಿದೆ. ಅಂದು ಉಪ್ಪು ಹಾಕುವಾಗ ನನ್ನ ಕೈ ತಪ್ಪಿಸಿದವನೂ ಅವನೇ ಎಂದು ನನ್ನ ನಂಬಿಕೆ.

ಈಗಲೂ ಊಟಕ್ಕೆ ಕುಳಿತಾಗ "ಸಾರು ಹೆಂಗಾಗೇತ್ರೀ?" ಎಂದು ಕೇಳುತ್ತೇನೆ.

"ಭಾಳ ಚೊಲೋ, ಬೂ," ಎನ್ನುತ್ತಾರೆ ಇವರು, ಮತ್ತು ಬರೀ ಅನ್ನಕ್ಕೆ ತಾಟು ಮುಂದೆ ಮಾಡುತ್ತಾರೆ.

ನಾನು ಎದ್ದು ಮೊಸರು ತರುತ್ತೇನೆ.