ಭಾವನ ಪುಸ್ತಕಕ್ಕೆ ಹೊದಿಕೆ ಹಾಳೆ

ನನ್ನ ಅಕ್ಕನ ಗಂಡ ಬಾಳ್ಳುಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಷ್ಟಕ್ಕೇ ಸುಮ್ಮನಿರದೆ, ವ್ಯಾಪಾರ ಮಾಡುವುದು ಹೇಗೆಂದು ಒಂದು ಪುಸ್ತಕವನ್ನೂ ಬರೆದುಬಿಟ್ಟರು. ಮಂಗಳೂರಿನ ಅಚ್ಚುಕೂಟದಲ್ಲಿ ಒಳಪುಟಗಳು ತಯಾರಾಗಿದ್ದವು. ಹೊದಿಕೆ ಹಾಳೆಯ ಮೇಲೆ ಹಾಕುವ ಮಾತು ಮಾತ್ರ ಬಾಕಿ. ಅದನ್ನು ಮಂಗಳೂರಿಗೆ ಒಯ್ಯುವ ಗಾಡಿ ಮಳೆ ಹಿಡಿದರೆ ಘಟ್ಟ ಇಳಿಯುವುದಿಲ್ಲ. ಅಂದು ಹೊರಡಲಿದ್ದ ಗಾಡಿ ತಪ್ಪಿದರೆ ದೀಪಾವಳಿಗೆ ಪುಸ್ತಕವಿಲ್ಲ. ವ್ಯಾಪಾರಿಗಳು ಹೊಸ ಲೆಕ್ಕ ತೆರೆಯುವ ಹಬ್ಬ ಅದು. ಆಗ ಮಾರದಿದ್ದರೆ ಪುಸ್ತಕವೆಲ್ಲ ಗೆದ್ದಲಿಗೇ.

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನನ್ನು ಕರೆಸಿದರು. ಹೊದಿಕೆಗೆಂದು ಭಾವ ಬರೆದಿಟ್ಟಿದ್ದನ್ನು ಓದಿ ಮೈ ಉರಿಯಿತು. ಅವರ ತಾತ, ಮುತ್ತಾತ, ಮನೆದೇವರು, ಹಾಸನದಲ್ಲಿ ಯಾರೋ ಶಾಲು ಹೊದಿಸಿದ್ದು, ಎಲ್ಲ ಇತ್ತು. ಪುಸ್ತಕ ಕೊಳ್ಳುವವನೊಬ್ಬ ಮಾತ್ರ ಅದರಲ್ಲಿ ಇರಲಿಲ್ಲ.

“ನಿಮ್ಮ ತಾತನ್ನ ಕಟ್ಕೊಂಡು ಕೊಳ್ಳೋನಿಗೇನಾಗಬೇಕು ಭಾವ? ಅವನ ತಲೆನೋವೇನು ಅಂತ ಮೊದಲು ಹೇಳಿ. ಇದನ್ನ ಓದಿದ್ರೆ ಅದು ಹೆಂಗೆ ಹೋಗ್ತೈತೆ ಅಂತ ಆಮೇಲೆ ಹೇಳಿ. ಅಷ್ಟೇ.”

“ಹಂಗಾದ್ರೆ ನೀನೇ ಬರಿ ಮಾರಾಯ, ದೊಡ್ಡ ಪಂಡಿತ!”

ಅಂಗಡಿಯ ಮೂಲೆಯಲ್ಲೇ ಕೂತೆ. ತಲೆನೋವು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಹೆಂಗಸೊಬ್ಬಳು ಬಂದು ಜೀರಿಗೆ ಕೇಳಿದಳು. ಭಾವ ಮೆಣಸಿನ ಚೀಲ ಬಿಚ್ಚಿದರು, ಬೆಲ್ಲದ ಡಬ್ಬ ಇಳಿಸಿದರು, ಸೀನಿದರು. ಜೀರಿಗೆ ಸಿಕ್ಕುವಷ್ಟರಲ್ಲಿ ಆಕೆ ಎದುರಂಗಡಿಯಲ್ಲಿದ್ದಳು. ನಾನು ಬರೆದೆ:

“ಅಂಗಡಿಯಲ್ಲಿ ಸಾಮಾನಿದೆ, ಕೈಗೆ ಸಿಗುವುದಿಲ್ಲ. ನೀವು ತಡಕಾಡುವಾಗ ಗಿರಾಕಿ ಎದುರಂಗಡಿ ಸೇರುತ್ತಾನೆ. ಈ ಪುಸ್ತಕದಲ್ಲಿ ಹೇಳಿದಂತೆ ಜೋಡಿಸಿರಿ; ಗಿರಾಕಿ ಕೇಳಿ ಬಾಯಿ ಮುಚ್ಚುವುದರೊಳಗೆ ಸಾಮಾನು ಕೊಡುವಿರಿ.”

ಓದಿದ ಭಾವನ ಮುಖ ಕೆಂಪಾಯಿತು. “ಮಂಗಳೂರ್ ತನಕ ನನ್ನ ಮಾನ ಕಳೀತೀಯೇನೋ? ಇದು ನಮ್ಮಂಗಡಿ ಕಣೋ!” ಎಂದು ಹಾಳೆಯನ್ನು ಬಿಸಾಡಿದರು.

ಅಷ್ಟರಲ್ಲಿ ಸಾಮಾನು ಒಯ್ಯಲು ಬಂದಿದ್ದ, ಹತ್ತಿರದ ಹೊಸಕೋಟೆಯ ಅಂಗಡಿಯಾತ ಅದನ್ನೆತ್ತಿ ಗಟ್ಟಿಯಾಗಿ ಓದಿದ. “ಅಯ್ಯೋ, ಇದು ನಮ್ಮಂಗಡಿ ಕಣ್ರೀ! ನಿಮಗ್ಯಾರು ಹೇಳ್ಬುಟ್ರು, ನಮ್ಮನೆಯೋಳಾ? ಹೋಗ್ಲಿ, ಅದೆಂಗೆ ಜೋಡಿಸ್ತಾರೆ? ಪುಸ್ತಕ ಬಂದಾಗ ನನಗೊಂದು ಎತ್ತಿಡಿ.”

“ಇವರಂಗಡಿ ವಿಷ್ಯ ಅಂತ ಮೊದಲೇ ಹೇಳಬಾರದೇನೋ!” ಎಂದು ಭಾವ ನನಗೇ ಬೈದು, ಹಾಳೆಯನ್ನು ತಾವೇ ಓಡಿಹೋಗಿ ಗಾಡಿಯವನ ಕೈಗೆ ಕೊಟ್ಟು ಬಂದರು.

ದೀಪಾವಳಿಗೆ ಪುಸ್ತಕ ಬಂತು, ಹೊಸಕೋಟೆಯಾತನೂ ಬಂದ. ಹೊದಿಕೆ ಓದಿ ತಲೆದೂಗಿದ. “ಸರಿ, ಮೊದಲು ಒಂದು ಪಾವು ಜೀರಿಗೆ ಕೊಡಿ ನೋಡೋಣ,” ಎಂದ.

ಭಾವ ಮೆಣಸಿನ ಚೀಲಕ್ಕೆ ಕೈ ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅಕ್ಕನಿಗಂತೂ ಸಿಟ್ಟು. “ಅದೇನ್ರೀ, ನಿಮ್ಮ ಪುಸ್ತಕ ನೀವೇ ಓದಿಲ್ವಾ?”

“ನಾಳೆ ಬನ್ನಿ,” ಎಂದು ಆತನನ್ನು ಕಳಿಸಿ, ಭಾವ ಹಗಲಲ್ಲೇ ಕದ ಹಾಕಿಕೊಂಡರು. ಒಳಗೆ ಡಬ್ಬಗಳು ಉರುಳುವ ಸದ್ದು ಸಂಜೆಯವರೆಗೂ ಕೇಳಿಸಿತು.

ಮರುದಿನ ಆತ “ಜೀರಿ” ಎನ್ನುತ್ತಲೇ ಪೊಟ್ಟಣ ಅವನ ಕೈಯಲ್ಲಿತ್ತು. ಎರಡು ಪುಸ್ತಕ ಕೊಂಡುಹೋದ. ಭಾವ ಬೆವರೊರೆಸಿಕೊಂಡು, ಮರೆಯಲ್ಲಿ ನನ್ನನ್ನು ಕರೆದು ಹೇಳಿದರು: “ಪುಸ್ತಕ ಪರವಾಗಿಲ್ಲ ಕಣೋ. ಬರೆದೋನು ಬುದ್ಧಿವಂತ.”